ನೂರಕ್ಕೆ ನೂರು ಸರಿ ಎಂಬ ಷರತ್ತಿಗೆ ನಾನೇಕೆ ಸಹಿ ಹಾಕಲಾರೆ

ದಾವಣಗೆರೆ

ಯಜಮಾನರಿಗೆ ನಮಸ್ಕಾರ.

ನಿಮ್ಮ ಅಂಗಡಿಗೆ ಚಾಟ್‌ಬಾಟ್ ಕಟ್ಟಿಕೊಡುವ ಕರಾರಿನ ಕರಡು ಓದಿದೆ. ಹಣದ ಕಂತು, ಅವಧಿ, ಒಂದು ವರ್ಷದ ಉಸ್ತುವಾರಿ ಎಲ್ಲಕ್ಕೂ ನನ್ನ ಒಪ್ಪಿಗೆಯಿದೆ. ಏಳನೇ ಷರತ್ತೊಂದನ್ನು ಮಾತ್ರ ಒಪ್ಪಲಾರೆ. "ಚಾಟ್‌ಬಾಟ್ ರೈತರಿಗೆ ಕೊಡುವ ಪ್ರತಿಯೊಂದು ಉತ್ತರವೂ ನೂರಕ್ಕೆ ನೂರು ಸರಿ ಇರತಕ್ಕದ್ದು" ಎಂದು ಅದರಲ್ಲಿದೆ. ಫೋನಿನಲ್ಲೂ ನೀವು "ದುಡ್ಡು ಇನ್ನೊಂದಿಷ್ಟು ಜಾಸ್ತಿ ಆಗ್ಲಿ, ತಪ್ಪು ಮಾತ್ರ ಬರಬಾರ್ದು ನೋಡಪಾ" ಅಂದಿರಿ. ಬೀಜ, ಗೊಬ್ಬರ, ಔಷಧಿ ಮಾರುವವರಿಗೆ ಆ ಭಯ ಸಹಜ. ಬಾಟ್ ಹೇಳಿದ ಅಳತೆ ನಂಬಿ ಒಬ್ಬರ ಹೊಲ ಕೆಟ್ಟರೆ ಆ ಊರಿನ ವ್ಯಾಪಾರವೆಲ್ಲ ಎದುರಿನ ಅಂಗಡಿಗೆ ಹೋಗುತ್ತದೆ. ಆದರೆ ಇದು ದುಡ್ಡು ಸುರಿದರೆ ಕಳೆಯುವ ದೋಷವಲ್ಲ. ತಪ್ಪು ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ಎಷ್ಟನ್ನು ನಾನು ತಡೆಯಬಲ್ಲೆ, ಎಷ್ಟನ್ನು ಯಾರೂ ತಡೆಯಲಾರರು ಎಂಬುದನ್ನು ಬರೆದು ತಿಳಿಸಿದರೆ ನೀವು ನಿಧಾನವಾಗಿ ಓದಿ, ವಕೀಲರಿಗೂ ತೋರಿಸಬಹುದು. ಅದಕ್ಕೇ ಈ ಉದ್ದದ ಪತ್ರ.

ಒಂದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಜುಲೈ ತಿಂಗಳಲ್ಲಿ ಜಗಳೂರು ಕಡೆಯ ರೈತರೊಬ್ಬರು ವಾಟ್ಸ್‌ಆ್ಯಪಿನಲ್ಲಿ ಕೇಳುತ್ತಾರೆ: "ಜೋಳಕ್ಕೆ ಹುಳ ಬಿದ್ದೈತಿ, ಯಾವ ಎಣ್ಣೆ ಎಷ್ಟು ಹೊಡೀಬೇಕು?" ನಿಮ್ಮ ಕೌಂಟರಿಗೆ ಇಂಥ ಪ್ರಶ್ನೆ ದಿನವೂ ಬರುತ್ತದೆ. ಕೌಂಟರಿನ ಹುಡುಗ ತಕ್ಷಣ ಡಬ್ಬಿ ತೆಗೆದು ಕೊಡುವುದಿಲ್ಲ. ಮೆಕ್ಕೆಜೋಳವೋ ಬಿಳಿಜೋಳವೋ, ಬಿತ್ತಿ ಎಷ್ಟು ದಿನವಾಯಿತು, ಹುಳು ಸುಳಿಯಲ್ಲಿದೆಯೋ ಕಾಂಡದಲ್ಲಿದೆಯೋ, ಸುಳಿಯೊಳಗೆ ಹಿಕ್ಕೆ ತುಂಬಿದೆಯೋ ಎಂದು ವಿಚಾರಿಸುತ್ತಾನೆ. ಹುಳುವನ್ನೇ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರೆ ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ ಇವೆಯೇ ಎಂದು ನೋಡುತ್ತಾನೆ. ಇದ್ದರೆ ಅದು ಫಾಲ್ ಸೈನಿಕ ಹುಳು. ಇಲ್ಲದಿದ್ದರೆ ಕಾಂಡ ಕೊರೆಯುವ ಹುಳುವೋ ಬೇರೆಯದೋ.

ಇದರಲ್ಲಿ ಯಾವ ಮಾಹಿತಿಯೂ ಆ ಒಂದು ಸಾಲಿನ ಮೆಸೇಜಿನಲ್ಲಿಲ್ಲ. "ಎಣ್ಣೆ" ಎಂದರೆ ಕೀಟನಾಶಕ ಎಂಬುದು ನಮಗೆ ಗೊತ್ತು. ಬಾಟಿನ ಒಳಗಿರುವ, ಊರೂರಿನ ಪಠ್ಯ ಓದಿ ಕಲಿತ ಭಾಷಾ ಮಾದರಿ ಅದನ್ನು ಬೇವಿನ ಎಣ್ಣೆ ಎಂದುಕೊಂಡರೂ ಆಶ್ಚರ್ಯವಿಲ್ಲ. ಮೊದಲ ಕಾರಣ ಇಲ್ಲೇ ಇದೆ. ಎಷ್ಟೇ ದೊಡ್ಡ ಕೃಷಿ ವಿಜ್ಞಾನಿಯನ್ನು ಫೋನಿನ ಆ ಬದಿಗೆ ಕೂರಿಸಿದರೂ ಆ ಸಾಲಿಗೆ ಒಂದೇ ಸರಿಯುತ್ತರ ಇಲ್ಲ. ಮರುಪ್ರಶ್ನೆ ಕೇಳುವುದೊಂದೇ ದಾರಿ. ಮರುಪ್ರಶ್ನೆಗೆ ರೈತರು ಕೊಡುವ ಉತ್ತರವೂ ತಪ್ಪಿರಬಹುದು. ಕಾಂಡ ಕೊರೆಯುವ ಹುಳುವನ್ನೇ ಅವರು ಸೈನಿಕ ಹುಳು ಎಂದು ನಂಬಿದ್ದರೆ ತಂತ್ರಾಂಶಕ್ಕೆ ಅದನ್ನು ತಿಳಿಯುವ ಉಪಾಯವಿಲ್ಲ.

ಇನ್ನು ತಂತ್ರಾಂಶದ ಒಳಗೆ ಏನು ನಡೆಯುತ್ತದೆ ನೋಡೋಣ. ಬಹಳ ಜನ ಇದನ್ನು ದೊಡ್ಡ ಪುಸ್ತಕದಲ್ಲಿ ಹುಡುಕಿ ಉತ್ತರ ತೆಗೆಯುವ ಯಂತ್ರ ಅಂದುಕೊಂಡಿದ್ದಾರೆ. ಹಾಗಲ್ಲ. ಈ ಭಾಷಾ ಮಾದರಿಗಳು ವಾಕ್ಯವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ಇಲ್ಲಿಯವರೆಗೆ ಬಂದ ತುಣುಕುಗಳನ್ನು ನೋಡಿ ಮುಂದಿನ ತುಣುಕು ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಒಂದನ್ನು ಆರಿಸುತ್ತವೆ, ಅದನ್ನು ಸೇರಿಸಿಕೊಂಡು ಮತ್ತೆ ಮುಂದಿನದನ್ನು ಲೆಕ್ಕ ಹಾಕುತ್ತವೆ. "ಒಂದು ಲೀಟರ್ ನೀರಿಗೆ" ಎಂದು ಬರೆದ ಮೇಲೆ ಒಂದು ಸಂಖ್ಯೆ ಬರಬೇಕು ಎಂಬುದು ಅದಕ್ಕೆ ಬಹುತೇಕ ಖಚಿತ. ಯಾವ ಸಂಖ್ಯೆ ಎಂಬಲ್ಲಿ ಸಂಭವ ಹಲವು ಕಡೆ ಹಂಚಿಹೋಗುತ್ತದೆ. 0.4 ಗ್ರಾಂ ಎಂಬುದೂ, 4 ಗ್ರಾಂ ಎಂಬುದೂ ಎಷ್ಟೋ ಔಷಧಿಗಳ ವಿಷಯದಲ್ಲಿ ಅದು ಓದಿರುವ ಮಾತೇ. ಎರಡೂ ವಾಕ್ಯದಲ್ಲಿ ಚೆನ್ನಾಗಿ ಕೂರುತ್ತವೆ. ತಪ್ಪು ಸಂಖ್ಯೆ ಬರೆದಾಗ ಅದರ ದನಿ ತಡವರಿಸುವುದಿಲ್ಲ. ಸರಿ ಬರೆದಾಗ ಎಷ್ಟು ಠೀವಿಯೋ ತಪ್ಪು ಬರೆದಾಗಲೂ ಅಷ್ಟೇ. ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಇದೇ, ಏಕೆಂದರೆ ಓದುವ ರೈತರಿಗೆ ಅನುಮಾನ ಪಡಲು ಯಾವ ಕುರುಹೂ ಸಿಗುವುದಿಲ್ಲ.

ಓಪನ್‌ಎಐ ಕಂಪನಿಯ ಸಂಶೋಧಕರೇ 2025ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಈ ಮಾದರಿಗಳಿಗೆ ಇಡುವ ಪರೀಕ್ಷೆಗಳಲ್ಲಿ "ಗೊತ್ತಿಲ್ಲ" ಎಂದವರಿಗೆ ಸೊನ್ನೆ, ಊಹಿಸಿ ಬರೆದದ್ದು ತಾಗಿದರೆ ಪೂರ್ತಿ ಅಂಕ, ಹೀಗಾಗಿ ಊಹಿಸುವ ಮಾದರಿಗಳೇ ಮುಂದೆ ಬರುತ್ತವೆ ಎಂಬುದು ಅದರ ಒಂದು ವಾದ. ಮಾದರಿ ತಯಾರಿಸುವವರೇ ಹೀಗೆ ಹೇಳುತ್ತಿರುವಾಗ ಅದನ್ನು ಬಾಡಿಗೆಗೆ ತಂದು ಬಾಟ್ ಕಟ್ಟುವ ನಾನು ನೂರಕ್ಕೆ ನೂರು ಎಂದು ಬರೆದುಕೊಟ್ಟರೆ ಅದು ಸುಳ್ಳು ಭರವಸೆಯಾಗುತ್ತದೆ. ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬಾರದಂತೆ, ಅತಿ ಹೆಚ್ಚು ಸಂಭವವಿರುವ ತುಣುಕನ್ನೇ ಸದಾ ಆರಿಸುವಂತೆ ತಿರುಪು ಬಿಗಿಯಬಹುದು. ಆಗ ಉತ್ತರ ಬಹುಮಟ್ಟಿಗೆ ಸ್ಥಿರವಾಗುತ್ತದೆ, ತಪ್ಪಿದ್ದರೆ ತಪ್ಪೂ ಸ್ಥಿರವಾಗುತ್ತದೆ.

"ನಮ್ಮ ಕಂಪನಿ ಕರಪತ್ರಗಳನ್ನೆಲ್ಲ ಅದಕ್ಕೆ ಓದಿಸಿಬಿಡು, ಅದರಲ್ಲಿರೋದನ್ನ ಮಾತ್ರ ಹೇಳಲಿ" ಎಂದು ನಿಮ್ಮ ಮಗ ಸಲಹೆ ಕೊಟ್ಟರು. ಒಳ್ಳೆಯ ಸಲಹೆ, ಅರ್ಧ ದಾರಿ ಅದರಿಂದಲೇ ಸಾಗುತ್ತದೆ. ಕರಪತ್ರಗಳನ್ನು ಪುಟಕ್ಕೆ ಎರಡು ಮೂರು ಭಾಗವಾಗಿ ಕತ್ತರಿಸಿ ಇಡುತ್ತೇವೆ. ಪ್ರಶ್ನೆ ಬಂದಾಗ ಅದಕ್ಕೆ ಅರ್ಥದಲ್ಲಿ ಹತ್ತಿರವಿರುವ ನಾಲ್ಕೈದು ಭಾಗಗಳನ್ನು ಹುಡುಕಿ ತೆಗೆದು, ಇದರಿಂದಷ್ಟೇ ಉತ್ತರಿಸು ಎಂದು ಮಾದರಿಗೆ ಕೊಡುತ್ತೇವೆ. ಆದರೆ ಅರ್ಥದಲ್ಲಿ ಹತ್ತಿರವಿರುವುದು ಬೇರೆ, ಬೇಕಾದದ್ದೇ ಆಗಿರುವುದು ಬೇರೆ.

ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕದ ಉದಾಹರಣೆ ತೆಗೆದುಕೊಳ್ಳಿ. 5 ಪರ್ಸೆಂಟಿನ ಎಸ್‌ಜಿ ಹರಳು ನಿಮ್ಮಲ್ಲಿದೆ, 1.9 ಪರ್ಸೆಂಟಿನ ಇಸಿ ದ್ರಾವಣವೂ ಮಾರುಕಟ್ಟೆಯಲ್ಲಿದೆ. ಹೆಸರು ಒಂದೇ ಆಗಿರುವುದರಿಂದ ಎರಡರ ಕರಪತ್ರವೂ ಹುಡುಕಾಟದಲ್ಲಿ ಒಟ್ಟಿಗೆ ಮೇಲೆ ಬರುತ್ತವೆ. ಒಂದರ ಅಳತೆ ಇನ್ನೊಂದರ ಹೆಸರಿಗೆ ಅಂಟಿಕೊಳ್ಳಲು ಅಷ್ಟು ಸಾಕು.

ಅದಕ್ಕಿಂತ ನವಿರಾದ ಅಪಾಯ ಕರಪತ್ರದ ಕೋಷ್ಟಕದಲ್ಲಿದೆ. ಈ ಹರಳಿಗೆ ಹತ್ತಿಯಲ್ಲಿ ಹೆಕ್ಟೇರಿಗೆ 11 ಗ್ರಾಂ ಎಂದು ಒಂದು ಕಾಲಮ್ಮಿನಲ್ಲಿ, 220 ಗ್ರಾಂ ಎಂದು ಪಕ್ಕದ ಕಾಲಮ್ಮಿನಲ್ಲಿ, 500 ಲೀಟರ್ ನೀರು ಎಂದು ಮೂರನೆಯದರಲ್ಲಿ ಇರುತ್ತದೆ. 11 ಗ್ರಾಂ ಎಂಬುದು ಅಸಲು ವಿಷದ ತೂಕ, 220 ಗ್ರಾಂ ಎಂಬುದು ನೀವು ಮಾರುವ ಪ್ಯಾಕಿನ ಹರಳಿನ ತೂಕ. ನೂರು ಗ್ರಾಂ ಹರಳಿನಲ್ಲಿ ಅಸಲು ಐದೇ ಗ್ರಾಂ ಇರುವುದರಿಂದ ಎರಡರ ನಡುವೆ ಇಪ್ಪತ್ತು ಪಟ್ಟು ಅಂತರ. ಪಿಡಿಎಫಿನಿಂದ ಅಕ್ಷರ ಎತ್ತುವಾಗ ಕಾಲಮ್ಮಿನ ಗೆರೆ ಅಳಿಸಿಹೋಗಿ ಸಂಖ್ಯೆಗಳೆಲ್ಲ ಒಂದೇ ಸಾಲಿಗೆ ಬಂದು ಬೀಳುತ್ತವೆ. ಆಗ ಮಾದರಿ ಹೆಕ್ಟೇರಿಗೆ 11 ಗ್ರಾಂ ಹರಳು ಎಂದರೆ ರೈತರು ಬರೀ ನೀರು ಹೊಡೆದಂತೆ, ಹುಳು ಸಾಯುವುದಿಲ್ಲ. ಅಸಲಿನ ಜಾಗದಲ್ಲಿ 220 ಓದಿಕೊಂಡು ಅದರಿಂದ ಹರಳಿನ ಲೆಕ್ಕ ಹಾಕಿದರೆ ಇಪ್ಪತ್ತು ಪಟ್ಟು ವಿಷ. ಎರಡೂ ಸಂಖ್ಯೆ ಕರಪತ್ರದಲ್ಲಿರುವುದು ನಿಜ. "ಕರಪತ್ರದಲ್ಲಿರುವುದನ್ನಷ್ಟೇ ಹೇಳಿದೆ" ಎಂದು ಬಾಟ್ ಪ್ರಾಮಾಣಿಕವಾಗಿಯೇ ವಾದಿಸಬಹುದು!

ಇದರ ಮೇಲೆ ಲೆಕ್ಕ ಬೇರೆ. ರೈತರು ಹೆಕ್ಟೇರಿನಲ್ಲಿ ಕೇಳುವುದಿಲ್ಲ. ಎಕರೆ, ಗುಂಟೆ, ಕ್ಯಾನಿನ ಲೆಕ್ಕದಲ್ಲಿ ಕೇಳುತ್ತಾರೆ. ಮೆಕ್ಕೆಜೋಳದ ಸೈನಿಕ ಹುಳುವಿಗೆ ಈ ಹರಳನ್ನು ಲೀಟರಿಗೆ 0.4 ಗ್ರಾಂ ಎಂದು ಶಿಫಾರಸು ಮಾಡುತ್ತಾರೆ. 16 ಲೀಟರಿನ ಕ್ಯಾನಿಗೆ 6.4 ಗ್ರಾಂ, ಎಕರೆಗೆ 200 ಲೀಟರ್ ನೀರು ಹಿಡಿದರೆ 80 ಗ್ರಾಂ, ಹನ್ನೆರಡೂವರೆ ಕ್ಯಾನು. ಐದನೇ ತರಗತಿಯ ಗುಣಾಕಾರ ಭಾಗಾಕಾರ ಇಷ್ಟೇ. ತುಣುಕು ಜೋಡಿಸುವ ಮಾದರಿ ಇದನ್ನೂ ಹೆಚ್ಚಿನ ಸಲ ಸರಿ ಮಾಡುತ್ತದೆ, ಆದರೆ "ಹೆಚ್ಚಿನ ಸಲ" ಎಂಬುದು ಇಲ್ಲಿ ಸಾಲದು. ಕ್ಯಾಲ್ಕುಲೇಟರ್ ಮಾಡುವ ಕೆಲಸವನ್ನು ಅದಕ್ಕೆ ಬಿಡಲೇಬಾರದು ಎಂಬುದು ನನ್ನ ಪಟ್ಟು.

ಹಾಗಾದರೆ ಚೆನ್ನಾಗಿ ಪರೀಕ್ಷೆ ಮಾಡಿ, ತಪ್ಪೆಲ್ಲ ಹೆಕ್ಕಿ ತೆಗೆದು ಆಮೇಲೆ ಶುರು ಮಾಡೋಣ ಎಂದು ನೀವು ಕೇಳಬಹುದು. ಪರೀಕ್ಷೆ ಖಂಡಿತ ಮಾಡುತ್ತೇನೆ. ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ. ರೈತರ ಪ್ರಶ್ನೆಗಳಲ್ಲಿ 300ನ್ನು ಆರಿಸಿ ಕೇಳಿದೆವು, ಮುನ್ನೂರಕ್ಕೆ ಮುನ್ನೂರೂ ಸರಿ ಬಂತು ಎನ್ನಿ. ತಪ್ಪು ಸೊನ್ನೆ ಎಂದು ಅನ್ನಿಸುತ್ತದೆ. ಸಂಖ್ಯಾಶಾಸ್ತ್ರದ ಪ್ರಕಾರ ಆಗಲೂ ನಾವು ಹೇಳಬಹುದಾದದ್ದು ಇಷ್ಟೇ: ನಿಜವಾದ ತಪ್ಪಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆ ಇದೆ ಎಂದು ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದು. ಮೂರನ್ನು ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿದರೆ ಆ ಮಿತಿ ಸಿಗುತ್ತದೆ. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎನ್ನಬೇಕಾದರೆ ಒಂದೂ ತಪ್ಪಿಲ್ಲದೆ 3000 ಪ್ರಶ್ನೆ ದಾಟಬೇಕು. ಸೊನ್ನೆ ಎಂದು ಹೇಳಬೇಕಾದರೆ ಎಷ್ಟು ಕೇಳಿದರೂ ಸಾಲದು. ಪ್ರತಿ ಉತ್ತರವನ್ನು ಬಲ್ಲವರೊಬ್ಬರು ಓದಿ ಸರಿಯೋ ತಪ್ಪೋ ಹಾಕಬೇಕು ಎಂಬುದನ್ನು ಮರೆಯಬೇಡಿ. ಮೂರು ಸಾವಿರ ಉತ್ತರ ಓದಲು ನಿಮ್ಮಲ್ಲಿ ಯಾರಿಗೆ ಪುರುಸೊತ್ತಿದೆ?

ಈ ಲೆಕ್ಕವೂ ನಿಲ್ಲುವುದು ಮುಂದಿನ ಪ್ರಶ್ನೆಗಳು ಹಿಂದಿನವುಗಳಂತೆಯೇ ಇದ್ದರೆ ಮಾತ್ರ. ಮುಂಗಾರಿನ ಪ್ರಶ್ನೆಗಳಲ್ಲಿ ಪಾಸಾದ ಬಾಟ್ ಹಿಂಗಾರಿನಲ್ಲಿ ಹೇಗಿರುತ್ತದೆ ಎಂಬುದು ಬೇರೆ ಮಾತು. ಫಾಲ್ ಸೈನಿಕ ಹುಳುವನ್ನೇ ನೋಡಿ. 2018ರಲ್ಲಿ ಇಡೀ ದೇಶಕ್ಕೇ ಮೊದಲು ಅದನ್ನು ಗುರುತಿಸಿದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದಕ್ಕೂ ಹಿಂದಿನ ವರ್ಷ ಇಂಥ ಬಾಟ್ ಇದ್ದು, ಎಲ್ಲ ಪರೀಕ್ಷೆಯಲ್ಲೂ ಗೆದ್ದಿದ್ದರೂ, ಆ ಮುಂಗಾರಿನಲ್ಲಿ ಸುಳಿ ತಿನ್ನುವ ಹುಳು ಎಂದು ಕೇಳಿದವರಿಗೆಲ್ಲ ಹಳೆಯ ಹುಳುವಿನ ಔಷಧಿಯನ್ನೇ ಹೇಳುತ್ತಿತ್ತು. ಅದರ ಕಾಗದಗಳಲ್ಲಿ ಹೊಸ ಹುಳು ಇರಲೇ ಇಲ್ಲವಲ್ಲ.

ನೂರಕ್ಕೆ ನೂರು ಸರಿ ಇರುವ ಬಾಟ್ ಬೇಕೇ ಬೇಕು ಎಂದರೆ ಅದನ್ನೂ ಮಾಡಿಕೊಡಬಹುದು, ಒಂದು ಮಧ್ಯಾಹ್ನದ ಕೆಲಸ. ಏನು ಕೇಳಿದರೂ "ಅಂಗಡಿಗೆ ಬನ್ನಿ, ಇಲ್ಲವೇ ಫೋನ್ ಮಾಡಿ" ಎಂದು ಉತ್ತರಿಸುತ್ತದೆ. ತಮಾಷೆ ಅನ್ನಿಸಬಹುದು, ಆದರೆ ಇಡೀ ವ್ಯವಹಾರದ ತಿರುಳು ಇಲ್ಲಿದೆ. ಅನುಮಾನ ಬಂದಾಗ ಬಾಯಿ ಮುಚ್ಚು ಎಂದು ಬಾಟಿಗೆ ಹೇಳಿದಷ್ಟೂ ತಪ್ಪು ಇಳಿಯುತ್ತದೆ, ಜೊತೆಗೇ ಸರಿಯಾಗಿ ಹೇಳಬಹುದಾಗಿದ್ದ ಎಷ್ಟೋ ಉತ್ತರಗಳೂ ನಿಂತುಹೋಗುತ್ತವೆ. ಯಾವ ವಿಷಯದಲ್ಲಿ ಎಷ್ಟು ಮೌನ, ಎಷ್ಟು ಮಾತು ಎಂದು ನಿರ್ಧರಿಸಬೇಕಾದವರು ನೀವು. ನನ್ನ ಪಾಲಿಗಿರುವುದು ಆ ಗೆರೆಯನ್ನು ಗಟ್ಟಿಯಾಗಿ ಎಳೆಯುವ ಕೆಲಸ. ಗೆರೆ ಎಲ್ಲಿರಬೇಕು ಎಂಬ ನನ್ನ ಸಲಹೆ ಹೀಗಿದೆ.

ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಯೂರಿಯಾ ಬಂದಿದೆಯೇ, ಯಾವ ಶಾಖೆಯಲ್ಲಿ ಯಾವ ತಳಿಯ ಬೀಜ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಬಾಟ್ ಧಾರಾಳವಾಗಿ ಮಾತಾಡಲಿ. ದಾಸ್ತಾನು ಮಾತ್ರ ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿನಿಂದ ಆ ಕ್ಷಣಕ್ಕೆ ಬರಬೇಕು, ಎಷ್ಟು ಗಂಟೆಯ ಲೆಕ್ಕ ಎಂದೂ ಉತ್ತರದಲ್ಲಿ ಕಾಣಬೇಕು. ಇಲ್ಲಿ ತಪ್ಪಾದರೆ ಒಬ್ಬರು ಬಸ್ ಚಾರ್ಜ್ ದಂಡ ಮಾಡಿಕೊಂಡು ಬಂದು ನಿಮ್ಮನ್ನು ಬೈಯುತ್ತಾರೆ, ಅಷ್ಟೇ.

ಔಷಧಿಯ ಅಳತೆಯ ವಿಷಯಕ್ಕೆ ಬಂದಾಗ ಮಾದರಿ ಒಂದಕ್ಷರವನ್ನೂ ತಾನಾಗಿ ಬರೆಯಕೂಡದು. ನಾವು ಒಂದು ಪಟ್ಟಿ ಮಾಡೋಣ. ಬೆಳೆ, ಕೀಟ ಅಥವಾ ರೋಗ, ಔಷಧಿಯ ಹೆಸರು ಮತ್ತು ಪರ್ಸೆಂಟು, ಲೀಟರಿಗೆ ಎಷ್ಟು, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ಇಷ್ಟು. ನಿಮ್ಮಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವವರಿಗೆಂದೇ ಇರುವ ದೇಸಿ ಡಿಪ್ಲೊಮಾ ಮಾಡಿದವರೊಬ್ಬರು ಇದ್ದಾರಲ್ಲ, ಅವರು ಪ್ರತಿ ಸಾಲನ್ನು ಡಬ್ಬಿಯ ಮೇಲಿನ ಲೇಬಲ್ಲು ಮತ್ತು ಕೃಷಿ ವಿಜ್ಞಾನ ಕೇಂದ್ರದ ಶಿಫಾರಸಿನೊಂದಿಗೆ ತಾಳೆ ನೋಡಿ ಸಹಿ ಹಾಕಲಿ. ರೈತರ ಮಾತನ್ನು ಓದಿ ಇದು ಪಟ್ಟಿಯ ಯಾವ ಸಾಲಿಗೆ ಸೇರಿದ್ದು ಎಂದು ಆರಿಸುವುದಷ್ಟೇ ಮಾದರಿಯ ಕೆಲಸ. ಆರಿಸಿದ್ದನ್ನು ರೈತರಿಗೇ ತೋರಿಸಿ ಖಚಿತಪಡಿಸಿಕೊಳ್ಳುತ್ತೇವೆ: "ಮೆಕ್ಕೆಜೋಳ, ಸುಳಿ ತಿನ್ನುವ ಸೈನಿಕ ಹುಳು, 16 ಲೀಟರಿನ ಕ್ಯಾನು. ಸರಿ ಇದ್ದರೆ 1 ಒತ್ತಿ, ಅಲ್ಲದಿದ್ದರೆ 2 ಒತ್ತಿ." ಹುಳುವಿನ ಫೋಟೊವನ್ನು ನಾವೇ ಜೊತೆಗೆ ಕಳಿಸುತ್ತೇವೆ, ಅವರ ಹೊಲದ ಹುಳು ಹಾಗಿದೆಯೇ ಎಂದು ಅವರೇ ಹೋಲಿಸಿ ನೋಡಲಿ. 1 ಒತ್ತಿದ ಮೇಲೆ ನಿಮ್ಮವರು ಸಹಿ ಹಾಕಿದ ವಾಕ್ಯ ಹಾಗೆಯೇ ಹೋಗುತ್ತದೆ. 6.4 ಎಂಬ ಗುಣಾಕಾರವನ್ನು ಮಾಮೂಲಿ ಪ್ರೋಗ್ರಾಮು ಮಾಡುತ್ತದೆ, ಮಾದರಿಯಲ್ಲ. ಪಟ್ಟಿಯಲ್ಲಿ ಸಾಲು ಸಿಗದಿದ್ದರೆ ಮೆಸೇಜು ನಿಮ್ಮ ಹುಡುಗನ ಫೋನಿಗೆ ಹೋಗುತ್ತದೆ.

ಹೀಗೆ ಕಟ್ಟಿದರೆ ನಾನು ಒಂದು ಭರವಸೆಯನ್ನು ಎದೆತಟ್ಟಿ ಕೊಡಬಲ್ಲೆ. ನಿಮ್ಮ ಪಟ್ಟಿಯಲ್ಲಿಲ್ಲದ ಅಳತೆ ಯಾವತ್ತೂ ರೈತರ ಫೋನಿಗೆ ಹೋಗುವುದಿಲ್ಲ. ಇದು ಸಂಭವದ ಮಾತಲ್ಲ. ಅಳತೆ ಹೊರಬೀಳುವ ಬಾಗಿಲು ಒಂದೇ, ಅದು ಪಟ್ಟಿಯಿಂದಷ್ಟೇ ತೆರೆಯುತ್ತದೆ. ಯಾವಾಗ ಬೇಕಾದರೂ ಹಳೆಯ ಮೆಸೇಜುಗಳನ್ನು ತೆಗೆದು ಪಟ್ಟಿಯ ಜೊತೆ ಹೋಲಿಸಿ ನೋಡಬಹುದು. ಆದರೆ ಆರಿಸಿದ ಸಾಲು ಆ ರೈತರ ಹೊಲಕ್ಕೆ ಸರಿಯಾದದ್ದೇ ಆಗಿರುತ್ತದೆ ಎಂಬ ಭರವಸೆ ಮಾತ್ರ ಕೊಡಲಾರೆ.

ಈ ಎರಡರ ನಡುವಿನ ವ್ಯತ್ಯಾಸ ಕಾಣಲು ಕಳೆನಾಶಕದ ವಿಷಯ ತೆಗೆದುಕೊಳ್ಳಿ. ಒಬ್ಬರು ಮೆಕ್ಕೆಜೋಳದ ಕಳೆಗೆ ಅಟ್ರಾಜಿನ್ ಎಷ್ಟು ಎಂದು ಕೇಳುತ್ತಾರೆ. ಬೆಳೆ ಸರಿ, ಔಷಧಿ ಸರಿ, ಪಟ್ಟಿಯ ಸಾಲು ಸರಿ, ಗುಣಾಕಾರ ಸರಿ, ಅವರು 1 ಒತ್ತಿದ್ದೂ ಸರಿ. ಆದರೆ ಅವರ ಹೊಲದಲ್ಲಿ ಅಕ್ಕಡಿ ಸಾಲಿನಲ್ಲಿ ತೊಗರಿ ಇದೆ. ನಮ್ಮ ಕಡೆ ಇದೇನೂ ಅಪರೂಪವಲ್ಲ. ಅಟ್ರಾಜಿನ್ ಅಗಲ ಎಲೆಯ ಕಳೆಯನ್ನು ಕೊಲ್ಲುವ ಔಷಧಿ, ತೊಗರಿಯೂ ಅದರ ಪಾಲಿಗೆ ಅಗಲ ಎಲೆಯ ಗಿಡವೇ. ಅವರು ತೊಗರಿಯ ಮಾತು ಎತ್ತಲಿಲ್ಲ, ಬಾಟ್ ಕೇಳಲಿಲ್ಲ, ಎಲ್ಲ ಸರಿ ಇದ್ದೂ ಉತ್ತರ ತಪ್ಪಾಯಿತು. ಕೌಂಟರಿನ ಹುಡುಗನಾದರೆ "ನಡುವೆ ತೊಗರಿ ಹಾಕೀರೇನ್ರೀ?" ಎಂದು ಕೇಳಿರುತ್ತಿದ್ದ. ಈ ಪ್ರಶ್ನೆಯನ್ನು ನಾವೂ ಸೇರಿಸೋಣ, ಕಷ್ಟವಿಲ್ಲ. ಆದರೆ ಇಂಥ ಇನ್ನೆಷ್ಟು ಪ್ರಶ್ನೆ ಸೇರಿಸಬೇಕು ಎಂಬುದು ಇವತ್ತೇ ಕೂತು ಮುಗಿಸುವ ಪಟ್ಟಿಯಲ್ಲ. ಹಾಗಾಗಿ ಮೊದಲ ಹಂಗಾಮಿಗೆ ಕಳೆನಾಶಕವನ್ನು ಬಾಟಿನಿಂದ ಪೂರ್ತಿ ಹೊರಗಿಡೋಣ. ಹುಳುವಿನ ಔಷಧಿ ತಪ್ಪಿದರೆ ಇನ್ನೊಂದು ಸಲ ಹೊಡೆಯಬಹುದು, ಕಳೆನಾಶಕ ತಪ್ಪಿದರೆ ಹಲವು ಸಲ ಆ ಬೆಳೆಯೇ ಮುಗಿಯುತ್ತದೆ.

ಇನ್ನು ಕೆಲವನ್ನು ಬಾಟ್ ಮುಟ್ಟಲೇಬಾರದು. ಎರಡು ಔಷಧಿ ಕೂಡಿಸಿ ಹೊಡೆಯಬಹುದೇ ಎಂಬ ಪ್ರಶ್ನೆ, ರೈತರು ಕಳಿಸುವ ಎಲೆಯ ಫೋಟೊ ನೋಡಿ ರೋಗ ಹೇಳುವುದು, ದನಕರುಗಳ ಔಷಧಿ, ಉದ್ರಿ ಬಾಕಿಯ ಲೆಕ್ಕ. ಕೊನೆಯದು ಏಕೆಂದರೆ ಒಂದು ಫೋನನ್ನು ಮನೆಮಂದಿಯೆಲ್ಲ ಬಳಸುತ್ತಾರೆ, ಯಾರ ಬಾಕಿ ಯಾರಿಗೆ ತಿಳಿಯಬೇಕು ಎಂಬುದು ನಾಜೂಕಿನ ಸಂಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಮೆಸೇಜಿನಲ್ಲಿ ಔಷಧಿ ಕುಡಿದ, ಮೈಮೇಲೆ ಬಿದ್ದ, ಹೊಡೆಯುವಾಗ ತಲೆ ಸುತ್ತಿ ಬಿದ್ದ ಎಂಬ ಸುಳಿವು ಸಿಕ್ಕ ಕೂಡಲೇ ಬೇರೆಲ್ಲ ಮಾತು ನಿಲ್ಲಬೇಕು. 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಎಂಬ ಒಂದೇ ಸಿದ್ಧ ಮೆಸೇಜು ಹೋಗಬೇಕು, ಅದರ ಜೊತೆಗೇ ನಿಮ್ಮ ಅಂಗಡಿಯ ಫೋನು ಗಂಟೆ ಹೊಡೆಯಬೇಕು. ಇಲ್ಲಿ ಸುಳ್ಳು ಗಾಬರಿ ಹತ್ತು ಸಲ ಆದರೂ ಚಿಂತೆಯಿಲ್ಲ. "ಎಣ್ಣೆ ಕುಡಿದಾನ" ಎಂದರೆ ಕೀಟನಾಶಕವೋ ಸಾರಾಯಿಯೋ ಎಂದು ಯಂತ್ರ ಯೋಚಿಸುತ್ತ ಕೂರುವುದು ಬೇಡ.

ಧ್ವನಿ ಸಂದೇಶವನ್ನೂ ಮೊದಲ ಹಂಗಾಮಿಗೆ ಬಿಡಲು ಕೇಳುತ್ತಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಟೈಪ್ ಮಾಡುವುದಕ್ಕಿಂತ ಮಾತಾಡುವುದೇ ಸಲೀಸು ಎನ್ನುವವರು ನಿಮ್ಮ ಗಿರಾಕಿಗಳಲ್ಲಿ ಬಹಳ ಇದ್ದಾರೆ. ಆದರೆ ಟ್ರ್ಯಾಕ್ಟರ್ ಸದ್ದಿನ ನಡುವೆ ನಮ್ಮ ಕಡೆಯ ಮಾತನ್ನು ಅಕ್ಷರಕ್ಕಿಳಿಸುವಾಗ ನಾಲ್ಕು ಹೋಗಿ ನಲವತ್ತಾದರೆ ಮೇಲೆ ಕಟ್ಟಿದ ಗೋಡೆಯೆಲ್ಲ ದಂಡ. ಧ್ವನಿ ಬಂದರೆ ಅದು ನೇರ ನಿಮ್ಮ ಹುಡುಗನಿಗೆ ಹೋಗಲಿ.

ಉತ್ತರದ ಕೆಳಗೆ "ಇದಕ್ಕೆ ಅಂಗಡಿ ಜವಾಬ್ದಾರಿಯಲ್ಲ" ಎಂದು ಸಣ್ಣಕ್ಷರದಲ್ಲಿ ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ, ಮನೆಯಲ್ಲಿ ಸಾವಾದಾಗ ಸಿಗುವ ರಿಯಾಯಿತಿಯನ್ನು ಟಿಕೆಟ್ ಕೊಂಡ 90 ದಿನದೊಳಗೆ ಕೇಳಬಹುದು ಎಂದು ಹೇಳಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ. ಬಾಟ್ ಮಾಡಿದ್ದಕ್ಕೆ ಬಾಟೇ ಹೊಣೆ ಎಂಬ ಧಾಟಿಯ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಹಣ ಕೊಡಿಸಿತು. ಅದು ಕೆನಡಾದ ತೀರ್ಪು, ನಮ್ಮ ಗ್ರಾಹಕರ ಆಯೋಗವನ್ನು ಕಟ್ಟಿಹಾಕುವುದಿಲ್ಲ. ಆದರೂ ನಿಮ್ಮ ಹೆಸರಿನ ನಂಬರಿನಿಂದ ಹೋದದ್ದು ನಿಮ್ಮ ಮಾತೇ ಎಂದು ಎಣಿಸಿಯೇ ವಕೀಲರೊಂದಿಗೆ ಮಾತಾಡಿ.

ಏಳನೇ ಷರತ್ತಿನ ಬದಲಿಗೆ ಹೀಗೆ ಬರೆಯೋಣ ಎಂಬುದು ನನ್ನ ಕೋರಿಕೆ:

"ಸಹಿ ಹಾಕಿದ ಪಟ್ಟಿಯಲ್ಲಿಲ್ಲದ ಔಷಧಿಯ ಹೆಸರಾಗಲಿ ಅಳತೆಯಾಗಲಿ ಬಾಟಿನಿಂದ ಹೋದರೆ ಅದು ತಂತ್ರಾಂಶ ಮಾಡಿದವರ ಹೊಣೆ. ಒಂದೇ ಒಂದು ಹೋದರೂ ಅಳತೆಯ ಭಾಗವನ್ನು ಕೂಡಲೇ ನಿಲ್ಲಿಸಿ, ಸರಿಪಡಿಸಿದ ಮೇಲೆಯೇ ಮತ್ತೆ ಶುರು ಮಾಡತಕ್ಕದ್ದು. ಪಟ್ಟಿಯಲ್ಲಿರುವುದೇ ತಪ್ಪಿದ್ದರೆ ಅದು ಅಂಗಡಿಯವರ ಹೊಣೆ. ಸಾಲು ಆರಿಸುವಲ್ಲಿ ಆಗುವ ತಪ್ಪನ್ನು ವಾರಕ್ಕೊಮ್ಮೆ 50 ಮಾತುಕತೆಗಳನ್ನು ಯಾದೃಚ್ಛಿಕವಾಗಿ ತೆಗೆದು ಅಂಗಡಿಯ ಕಡೆಯವರು ಓದಿ ಎಣಿಸತಕ್ಕದ್ದು. ತಪ್ಪು ಸಾಲಿನ ಉತ್ತರ ಮತ್ತು ಅನಗತ್ಯವಾಗಿ ಅಂಗಡಿಗೆ ಕಳಿಸಿದ್ದು, ಎರಡನ್ನೂ ಬೇರೆ ಬೇರೆ ಬರೆದಿಡತಕ್ಕದ್ದು."

ಎರಡನ್ನೂ ಬೇರೆಯಾಗಿ ಎಣಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ಒಂದೇ ಶೇಕಡಾವಾರು ಅಂಕಿಯಲ್ಲಿ ಎರಡನ್ನೂ ಕೂಡಿಸಿದರೆ, ಒಬ್ಬರನ್ನು ಸುಮ್ಮನೆ ಅಂಗಡಿಗೆ ಓಡಾಡಿಸಿದ್ದೂ ಇನ್ನೊಬ್ಬರಿಗೆ ತಪ್ಪು ಔಷಧಿ ಹೇಳಿದ್ದೂ ಒಂದೇ ತೂಕಕ್ಕೆ ಬರುತ್ತವೆ. ತಪ್ಪು ಸಾಲು ಹೆಚ್ಚಿದರೆ ನಾನು ಬಾಟನ್ನು ಇನ್ನಷ್ಟು ಬಿಗಿ ಮಾಡುತ್ತೇನೆ. ಓಡಾಟ ಹೆಚ್ಚಿದರೆ ಪಟ್ಟಿಗೆ ಸಾಲು ಸೇರಿಸಬೇಕು ಎಂದರ್ಥ, ಅದು ನಿಮ್ಮವರ ಕೆಲಸ. ಇದಲ್ಲದೆ ಅಳತೆಯ ಭಾಗವನ್ನು ಒಂದೇ ಒತ್ತಿಗೆ ನಿಲ್ಲಿಸುವ ಬಟನ್ನು ನಿಮ್ಮ ಫೋನಿನಲ್ಲೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಅನುಮಾನ ಬಂದರೆ ನನ್ನನ್ನು ಎಬ್ಬಿಸಬೇಕಿಲ್ಲ, ಮೊದಲು ಒತ್ತಿ, ಬೆಳಿಗ್ಗೆ ಮಾತಾಡೋಣ.

ಪಟ್ಟಿಗೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಈ ಮೂರನ್ನು ಮೊದಲು ಬರೆಸಿ. ದಾವಣಗೆರೆ, ಚಳ್ಳಕೆರೆ ಎರಡೂ ಅಂಗಡಿಗೆ ಇವೇ ಹೆಚ್ಚಿನ ಗಿರಾಕಿ ತರುವ ಬೆಳೆಗಳು ಎಂದು ನೀವೇ ಹೇಳಿದ್ದಿರಿ. ಅಡಿಕೆ ಎರಡನೇ ಹಂಗಾಮಿಗಿರಲಿ. ಅಲ್ಲಿ ಗಿಡದ ಲೆಕ್ಕ, ಗಿಡದ ವಯಸ್ಸಿನ ಲೆಕ್ಕ, ಮೇಲಾಗಿ ಬೋರ್ಡೊ ದ್ರಾವಣವನ್ನು ಮೈಲುತುತ್ತ, ಸುಣ್ಣ ಕೂಡಿಸಿ ತೋಟದಲ್ಲೇ ತಯಾರಿಸುತ್ತಾರೆ, ಈ ಪಟ್ಟಿಯ ಚೌಕಟ್ಟಿಗೆ ಅದು ಕೂರುವುದಿಲ್ಲ. ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಬರೆಯಬೇಕೆಂದಿಲ್ಲ. ಉದ್ದದ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆದು, ಪ್ರತಿ ಪುಟಕ್ಕೆ ಸಹಿ ಹಾಕಿಸಿ ಕಳಿಸಿದರೆ ಸಾಕು. ಅಸಲಿನ ತೂಕದ ಕಾಲಮ್ಮನ್ನು ದಯವಿಟ್ಟು ಬರೆಯಲೇಬೇಡಿ, ಹರಳು ಅಥವಾ ದ್ರಾವಣದ ಅಳತೆ ಮಾತ್ರ ಇರಲಿ.

ಇಂತಿ ನಿಮ್ಮ ವಿಶ್ವಾಸಿ